‘ಮುಂಗಾರು ಮಳೆ’ಯ ಜೋಗ, ‘ಗಾಳಿಪಟ’ದ ಮುಗಿಲ್‌ಪೇಟೆ: ತೆರೆಯ ಮೇಲೆ ಕಂಡದ್ದು ಅಲ್ಲಿ ಹೋದರೆ ಸಿಗುತ್ತಾ?

ಅನಿತಾ_ಹಾಸನ

ಎಲ್ಲರಿಗೂ ನಮಸ್ಕಾರ. ಊರು ಹಾಸನ, ಈಗ ಇರುವುದು ಪುಣೆಯಲ್ಲಿ. ಈ ಸಲ ರಜೆಗೆ ಬಂದಾಗ ಮಗನಿಗೆ ನಮ್ಮ ಕಾಲದ ಸಿನಿಮಾಗಳ ಜಾಗ ತೋರಿಸಬೇಕು ಅಂತ ಆಸೆ. ಪಟ್ಟಿ ದೊಡ್ಡದೇನಲ್ಲ. ‘ಮುಂಗಾರು ಮಳೆ’ಯ ಜೋಗ, ‘ಗಾಳಿಪಟ’ದ ಮುಗಿಲ್‌ಪೇಟೆ ಅಂದರೆ ಮಾಂದಲ್‌ಪಟ್ಟಿ, ಆಮೇಲೆ ನಮ್ಮ ಮನೆಯವರ ಹಟಕ್ಕೆ ‘ಶೋಲೆ’ಯ ರಾಮನಗರ. ಆಗಸ್ಟ್ ಮೊದಲ ವಾರ ಹೊರಡೋಣ ಅಂದುಕೊಂಡಿದ್ದೇವೆ. ಅಮ್ಮನೂ ಬರುತ್ತಾರೆ, ಅವರಿಗೆ ಮಂಡಿ ನೋವಿದೆ.

ಭಯ ಒಂದೇ. ನನ್ನ ಗೆಳತಿ ಮಳೆಗಾಲದಲ್ಲಿ ಮಾಂದಲ್‌ಪಟ್ಟಿಗೆ ಹೋಗಿ ಬರೀ ಬಿಳಿ ಮಂಜು ನೋಡಿಕೊಂಡು ವಾಪಸ್ ಬಂದಳು. ಸಿನಿಮಾದಲ್ಲಿ ಕಂಡ ಹಸಿರು, ಆ ಬೆಟ್ಟದ ಸಾಲು ಏನೂ ಕಾಣಲಿಲ್ಲವಂತೆ. ಯಾವಾಗ ಹೋದರೆ ಸಿನಿಮಾದ ಹಾಗೆ ಕಾಣುತ್ತೆ? ಗೊತ್ತಿರುವವರು ಹೇಳಿ.

ಸಾಗರದ್_ಹುಡ್ಗ

ಆಗಸ್ಟೇ ಬೆಸ್ಟ್ ಮೇಡಂ, ಯೋಚನೆ ಮಾಡಲೇಬೇಡಿ. ಆಗಸ್ಟಿನಲ್ಲಿ ಲಿಂಗನಮಕ್ಕಿ ತುಂಬುತ್ತೆ, ಗೇಟ್ ತೆಗೀತಾರೆ, ಜೋಗ ನೋಡಬೇಕು ಆಗ! ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಒಂದಾಗಿ ಧುಮುಕುತ್ತೆ. ಸಿನಿಮಾಗಿಂತ ಹತ್ತು ಪಟ್ಟು ಚೆನ್ನಾಗಿರುತ್ತೆ. ಗೇಟ್ ತೆಗೆಯದೆ ಇದ್ದರೆ ಜೋಗದಲ್ಲಿ ನೀರೇ ಇರಲ್ಲ, ನೆನಪಿರಲಿ.

ಫೋಕಸ್_ಪುಲ್ಲರ್

ಅನಿತಾ ಅವರೇ, ನಾನು ಸಿನಿಮಾದ ಕ್ಯಾಮೆರಾ ವಿಭಾಗದಲ್ಲಿ ಸಹಾಯಕನಾಗಿ ಸಾಕಷ್ಟು ವರ್ಷ ಕೆಲಸ ಮಾಡಿದವನು. ನೀವು ಹೇಳಿದ ಚಿತ್ರಗಳಲ್ಲಿ ಅಲ್ಲ, ಆದರೆ ಅದೇ ಮಲೆನಾಡು, ಅದೇ ಕೊಡಗು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಮೊದಲಿಗೆ ದೂರದ ಲೆಕ್ಕ. ‘ಮುಂಗಾರು ಮಳೆ’ಯ ಕಥೆ ನಡೆಯುವುದು ಮಡಿಕೇರಿಯಲ್ಲಿ. ಅಲ್ಲಿಂದ ಜೋಗಕ್ಕೆ ರಸ್ತೆಯಲ್ಲಿ ಮುನ್ನೂರು ಕಿಲೋಮೀಟರಿಗೂ ಜಾಸ್ತಿ. ಪರದೆಯ ಮೇಲೆ ಹಾಡು ಶುರುವಾದ ಕೂಡಲೇ ಇಬ್ಬರೂ ಜಲಪಾತದ ನೆತ್ತಿಯ ಮೇಲೆ ಇರುತ್ತಾರೆ. ಜೋಗ ಅಲ್ಲೇ ಪಕ್ಕದಲ್ಲಿದೆ ಅಂತ ನೋಡುವವರ ಮನಸ್ಸು ತಾನೇ ಹೊಲಿದುಕೊಳ್ಳುತ್ತೆ. ನಿಮ್ಮ ಪಟ್ಟಿಯಲ್ಲಿ ಮಡಿಕೇರಿ ಒಂದು ದಿನ, ಜೋಗ ಮರುದಿನ ಅಂತ ಇದ್ದರೆ ನಡುವೆ ಒಂದು ಪೂರ್ತಿ ಹಗಲು ಕಾರಿನಲ್ಲೇ ಹೋಗುತ್ತೆ. ಹಾಸನ ನಿಮ್ಮ ಊರೇ ಆದ್ದರಿಂದ ಅಲ್ಲಿ ತಂಗಿ ಹೋಗುವುದು ವಾಸಿ.

ಎರಡನೆಯದು ಋತು. ಇದನ್ನು ಸಿನಿಮಾದ ಒಳಗೇ ಓದಬಹುದು. ಆ ಹಾಡಿನಲ್ಲಿ ಇಬ್ಬರೂ ಎಲ್ಲಿ ಕುಣಿಯುತ್ತಾರೆ ನೋಡಿ. ನೀರು ಧುಮುಕುವ ಜಾಗದ ಮೇಲಿನ ಬಂಡೆಗಳ ಮೇಲೆ. ಗೇಟ್ ತೆಗೆದು ಹೊಳೆ ತುಂಬಿ ಬಂದಾಗ ಆ ಬಂಡೆಗಳೇ ಕಾಣಲ್ಲ, ಮನುಷ್ಯ ನಿಲ್ಲುವ ಮಾತಂತೂ ದೂರ. ಅಂದರೆ ಆ ಶಾಟ್ ತೆಗೆದದ್ದು ನೀರು ಹದವಾಗಿ ಇದ್ದಾಗ. ಸಾಗರದ ತಮ್ಮ ಹೇಳುವ ಜೋಗ ಬೇರೆ, ಸಿನಿಮಾದ ಜೋಗ ಬೇರೆ. ಎರಡೂ ಒಂದೇ ದಿನ ಸಿಗಲ್ಲ.

ಇನ್ನೊಂದು ಮಾತು. ಆ ಬಂಡೆಗಳ ಮೇಲೆ ಹೋಗಿ ಫೋಟೋ ತೆಗೆಯುವ ಆಸೆ ಮಗನಿಗೆ ಹುಟ್ಟಿಸಬೇಡಿ. ಮೇಲೆಲ್ಲೋ ಮಳೆ ಬಿದ್ದರೆ ಇಲ್ಲಿ ನೀರು ಹೇಳದೆ ಕೇಳದೆ ಏರುತ್ತೆ. ಕೆಳಗೆ 253 ಮೀಟರ್.

ಸಾಗರದ್_ಹುಡ್ಗ

ಸರ್, ಒಪ್ಪಿದೆ. ಆದರೆ ಸಿನಿಮಾದ ಹಾಗೆ ಅಂತ ಹೋಗಿ ಸಣ್ಣ ನೀರು ನೋಡುವುದಕ್ಕಿಂತ ತುಂಬಿದ ಜೋಗ ನೋಡುವುದೇ ಮೇಲು ಅಲ್ವಾ?

ಪದ್ಮಕ್ಕ_ತಾಳಗುಪ್ಪ

ಹುಡುಗಾ, ನೀನು ಹೇಳಿದ್ದರಲ್ಲಿ ಅರ್ಧ ಸರಿ. ನಾನು ಹುಟ್ಟಿ ಬೆಳೆದದ್ದೇ ಇಲ್ಲಿ. ಗೇಟ್ ಪ್ರತಿ ವರ್ಷ ಆಗಸ್ಟಿನಲ್ಲಿ ತೆಗೀತಾರೆ ಅನ್ನುವುದು ತಪ್ಪು. ಲಿಂಗನಮಕ್ಕಿಯ ಪೂರ್ಣ ಮಟ್ಟ 1819 ಅಡಿ. ಮಳೆ ಚೆನ್ನಾಗಿ ಆದ ವರ್ಷ ಅದರ ಹತ್ತಿರ ಬಂದಾಗ ತೆಗೀತಾರೆ. ಅದು ಆಗಸ್ಟೂ ಆಗಬಹುದು, ಸೆಪ್ಟೆಂಬರ್ರೂ ಆಗಬಹುದು. 2023ರಲ್ಲಿ ಬರ ಬಂದಾಗ ಡ್ಯಾಮ್ ತುಂಬಲೇ ಇಲ್ಲ, ಗೇಟಿನ ಪ್ರಶ್ನೆಯೇ ಬರಲಿಲ್ಲ. 1964ರಲ್ಲಿ ಅಣೆಕಟ್ಟೆ ಆದ ಮೇಲೆ ಶರಾವತಿಯ ನೀರು ಮೊದಲು ಕರೆಂಟಿಗೆ, ಉಳಿದರೆ ಜೋಗಕ್ಕೆ. ನಮ್ಮ ಅಪ್ಪ ಬೇಸಿಗೆಯಲ್ಲೂ ಜೋಗದ ಸದ್ದು ಕೇಳಿದವರು.

ಗೇಟ್ ತೆಗೆಯದಿದ್ದರೆ ನೀರೇ ಇಲ್ಲ ಅನ್ನುವುದೂ ತಪ್ಪು. ಡ್ಯಾಮಿಗೂ ಜೋಗಕ್ಕೂ ನಡುವೆ ಇರುವ ಕಾಡು, ಗುಡ್ಡ, ಹಳ್ಳದ ನೀರೆಲ್ಲ ಹೊಳೆಗೇ ಬರುತ್ತೆ. ಜುಲೈನಲ್ಲಿ ನಾಲ್ಕು ದಿನ ಬಿಡದೆ ಹೊಡೆದರೆ ಗೇಟ್ ಮುಚ್ಚಿದ್ದರೂ ನಾಲ್ಕು ಕವಲೂ ಬೇರೆ ಬೇರೆಯಾಗಿ ಚೆಂದ ಕಾಣುತ್ತೆ. ಮಳೆ ನಿಂತು ಎರಡು ದಿನ ಬಿಸಿಲು ಬಿದ್ದರೆ ಮತ್ತೆ ಇಳಿಯುತ್ತೆ. ಅನಿತಾ, ನೀನು ಪೇಪರಿನಲ್ಲಿ ದಿನಾ ಬರುವ ಜಲಾಶಯ ಮಟ್ಟ ನೋಡುತ್ತಿರು. 1819ಕ್ಕೆ ಹತ್ತಿರ ಬಂದು ಒಳಹರಿವು ಜಾಸ್ತಿ ಇದ್ದರೆ ಗೇಟ್ ತೆಗೀತಾರೆ ಅಂತ ಲೆಕ್ಕ. ಮಟ್ಟ ಕೆಳಗಿದ್ದರೆ ಡ್ಯಾಮ್ ಮರೆತುಬಿಡು, ಇಲ್ಲಿ ಮಳೆ ಬಂತಾ ಅಂತ ಮಾತ್ರ ಕೇಳು.

ತುಂಬಿದ ಜೋಗಕ್ಕೂ ಒಂದು ತೊಂದರೆ ಇದೆ. ನೀರು ಅಷ್ಟು ಎತ್ತರದಿಂದ ಬಿದ್ದು ಎದ್ದ ಹನಿ, ಮೇಲಿನ ಮೋಡ ಎರಡೂ ಸೇರಿ ಕಣಿವೆ ಮುಚ್ಚಿಬಿಡುತ್ತೆ. ದೂರದಿಂದ ಬಂದವರು ಕಂಬಿ ಹಿಡಿದು ಸದ್ದು ಕೇಳಿಕೊಂಡು ನಿಂತಿರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಪಕ್ಕದ ಅಂಗಡಿಯಲ್ಲಿ ಒಂದು ಮಂಡಕ್ಕಿ ತಿಂದು ಕಾಯಬೇಕು. ಗಾಳಿ ತಿರುಗಿದರೆ ಎರಡು ನಿಮಿಷ ತೆರೆಯುತ್ತೆ, ಮತ್ತೆ ಮುಚ್ಚುತ್ತೆ.

ಅಮ್ಮನಿಗೆ ಮಂಡಿ ನೋವು ಅಂದೆಯಲ್ಲ, ಕೆಳಗೆ ಇಳಿಯುವ ಮೆಟ್ಟಿಲಿನ ಸಹವಾಸ ಬೇಡ. ಸಾವಿರಕ್ಕೂ ಮೇಲಿದೆ, ಮಳೆಗಾಲದಲ್ಲಿ ಬಿಡುವುದೂ ಇಲ್ಲ. ಶಿವಮೊಗ್ಗ ಕಡೆಯ ವೀಕ್ಷಣಾ ಜಾಗದಲ್ಲಿ ಕೂತರೆ ಪೂರ್ತಿ ಎದುರಿಗೇ ಕಾಣುತ್ತೆ. ನದಿ ದಾಟಿ ಸಿದ್ದಾಪುರ ಕಡೆಯ ಬ್ರಿಟಿಷ್ ಬಂಗಲೆಗೆ ಹೋದರೆ ಮೇಲಿನಿಂದ ನೋಡಬಹುದು. ಸಿನಿಮಾದ ಅಂಚು ಅಂದರೆ ಅದೇ ಮಗ್ಗುಲು.

ಅನಿತಾ_ಹಾಸನ

ಪದ್ಮಕ್ಕ, ಇಷ್ಟು ವಿವರ ಯಾವ ವೀಡಿಯೊದಲ್ಲೂ ಸಿಕ್ಕಿರಲಿಲ್ಲ. ತುಂಬಾ ಥ್ಯಾಂಕ್ಸ್. ಹಾಗಿದ್ದರೆ ಯಾವ ಕಡೆಯಿಂದ ನೋಡುವುದು ಮೊದಲು?

ವಿನಯ್_ಗೌಡ_ಕ್ಲಿಕ್ಸ್

ನಮಸ್ತೆ. ಮಾಂದಲ್‌ಪಟ್ಟಿಯಲ್ಲಿ ಪ್ರೀ ವೆಡ್ಡಿಂಗ್ ಶೂಟಿಗೆ ಪರ್ಮಿಷನ್ ಎಲ್ಲಿ ತಗೋಬೇಕು? ಡ್ರೋನ್ ಬಿಡ್ತಾರಾ? ಜೋಡಿ ‘ಗಾಳಿಪಟ’ ಥೀಮ್ ಕೇಳಿದ್ದಾರೆ.

ಮಡಿಕೇರಿ_ಮನೆ

ವಿನಯ್, ಇಲ್ಲಿ ಮಾತಾಡುತ್ತಿರುವುದು ಕುಟುಂಬದ ಪ್ರವಾಸದ ಬಗ್ಗೆ ಗುರು. ಆದರೂ ಕೇಳಿದಿರಿ ಅಂತ ಹೇಳುತ್ತೇನೆ. ಆ ಜಾಗ ಪುಷ್ಪಗಿರಿ ವನ್ಯಜೀವಿ ಧಾಮಕ್ಕೆ ಸೇರಿದ್ದು. ಮೇಲೆ ಅರಣ್ಯ ಇಲಾಖೆಯ ಗೇಟಿದೆ, ಟಿಕೆಟ್ ಅಲ್ಲೇ. ಶೂಟಿಂಗು, ಡ್ರೋನು ಎಲ್ಲಕ್ಕೂ ಇಲಾಖೆಯ ಅನುಮತಿ ಬೇಕು, ಸುಮ್ನೆ ಬ್ಯಾಗಿನಲ್ಲಿ ತಂದು ಹಾರಿಸಬೇಡಿ.

ಅನಿತಾ ಅವರೇ, ನಾವು ಮಡಿಕೇರಿಯಲ್ಲಿ ಸಣ್ಣ ಹೋಂಸ್ಟೇ ನಡೆಸುತ್ತೇವೆ. ಮುಗಿಲ್‌ಪೇಟೆ ಅಂತ ಊರು ಎಲ್ಲಿದೆ ಅಂತ ಈಗಲೂ ಕೇಳುವವರಿದ್ದಾರೆ. ಅದು ಸಿನಿಮಾದಲ್ಲಿ ಇಟ್ಟ ಹೆಸರು. ಮಾಂದಲ್‌ಪಟ್ಟಿ ಅಂದರೆ ಬೋಳು ಹುಲ್ಲಿನ ಬೆಟ್ಟದ ತುದಿ, ಊರು ಕೇರಿ ಏನಿಲ್ಲ. 2008ರಲ್ಲಿ ‘ಗಾಳಿಪಟ’ ಬರುವ ತನಕ ಹೊರಗಿನವರಿಗೆ ಈ ಹೆಸರು ಅಷ್ಟಾಗಿ ಗೊತ್ತಿರಲಿಲ್ಲ. ಈಗ ವಾರಾಂತ್ಯಕ್ಕೆ ಜೀಪುಗಳ ಸಾಲು.

ಜುಲೈ, ಆಗಸ್ಟಿನಲ್ಲಿ ನಿಮ್ಮ ಗೆಳತಿ ಕಂಡದ್ದೇ ಸಾಮಾನ್ಯ. ಅರಬ್ಬಿ ಸಮುದ್ರದ ಮೋಡ ಘಟ್ಟಕ್ಕೆ ಬಂದು ತಾಗುವುದು ಇದೇ ಸಾಲಿಗೆ. ನಾವು ಕೆಳಗಿನಿಂದ ಮೋಡ ಅನ್ನುವುದರ ಒಳಗೇ ನೀವು ನಿಂತಿರುತ್ತೀರಿ. ಮಳೆ ಮೇಲಿನಿಂದ ಬರಲ್ಲ, ಅಡ್ಡ ಬರುತ್ತೆ. ಛತ್ರಿ ಹಿಡಿದವರ ಛತ್ರಿ ಉಲ್ಟಾ ಆಗುವುದನ್ನು ದಿನಾ ನೋಡುತ್ತೇವೆ. ಜೋರು ಮಳೆ ಇದ್ದಾಗ ಜೀಪುಗಳನ್ನೇ ನಿಲ್ಲಿಸುವುದೂ ಉಂಟು. ಹೋಗಲು ಎರಡು ದಾರಿ, ಒಂದು ಅಬ್ಬಿ ಜಲಪಾತದ ಕಡೆಯಿಂದ, ಇನ್ನೊಂದು ಮಕ್ಕಂದೂರಿನ ಕಡೆಯಿಂದ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದದ್ದು ಈ ಮಕ್ಕಂದೂರಿನ ಸುತ್ತಮುತ್ತಲೇ. ಆದ್ದರಿಂದ ಮಳೆ ಜೋರಿದ್ದಾಗ ಇಲ್ಲಿನವರು ಬೇಡ ಅಂದರೆ ಬೇಡ ಅಂತಲೇ ಅರ್ಥ.

ನಿಮಗೆ ಬೇಕಾದ ಹಸಿರು ಮತ್ತು ಬೆಟ್ಟದ ಸಾಲು ಎರಡೂ ಒಟ್ಟಿಗೆ ಸಿಗುವುದು ಮಳೆ ಹಿಂದೆ ಸರಿದ ಮೇಲೆ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ತನಕ ಹುಲ್ಲು ಇನ್ನೂ ಹಸಿರಾಗಿರುತ್ತೆ. ಬೆಳಗ್ಗೆ ಬೇಗ ಹೋದರೆ ಮೋಡ ಕಣಿವೆಯಲ್ಲಿ ಕೆಳಗಿರುತ್ತೆ, ನೀವು ಮೇಲಿರುತ್ತೀರಿ. ಜನವರಿ ದಾಟಿದರೆ ಹುಲ್ಲು ಒಣಗಿ ಕಂದು ಬಣ್ಣ, ಆಗ ಬಂದವರು ‘ಇದೇನಾ ಅದು’ ಅನ್ನುತ್ತಾರೆ.

ಅಮ್ಮನ ವಿಷಯಕ್ಕೆ ಬಂದರೆ ಕೊನೆಯ ಕೆಲವು ಕಿಲೋಮೀಟರ್ ಜೀಪಿನಲ್ಲಿ ಕುಲುಕಾಟ ಜಾಸ್ತಿ. ಮುಂದಿನ ಸೀಟ್ ಅವರಿಗೇ ಅಂತ ಮೊದಲೇ ಮಾತಾಡಿಕೊಳ್ಳಿ. ಹಿಂದೆ ಅಡ್ಡ ಸೀಟಿನಲ್ಲಿ ಕೂರಿಸಿದರೆ ಸೊಂಟ ಹೋಯಿತು.

ಫೋಕಸ್_ಪುಲ್ಲರ್

ಮಡಿಕೇರಿಯವರು ಹೇಳಿದ್ದು ನೂರಕ್ಕೆ ನೂರು. ಮಳೆಯ ಬಗ್ಗೆ ಒಂದು ಸೇರಿಸುತ್ತೇನೆ. ಸಿನಿಮಾದಲ್ಲಿ ಕಾಣುವ ಮಳೆ ಬಹುಪಾಲು ಟ್ಯಾಂಕರಿನದು. ಮಡಿಕೇರಿಯಲ್ಲಿ ಧೋ ಅಂತ ಸುರಿಯುತ್ತಿದ್ದರೂ ಎಷ್ಟೋ ಸಲ ಟ್ಯಾಂಕರ್ ತರಿಸುತ್ತೇವೆ. ನಗಬೇಡಿ, ಕಾರಣ ಇದೆ. ನಿಜವಾದ ಮಳೆಯ ಹನಿ ಸಣ್ಣದು, ಎದುರಿನಿಂದ ಬೆಳಕು ಬಿದ್ದರೆ ಕ್ಯಾಮೆರಾಗೆ ಕಾಣಲ್ಲ. ಹಿಂದಿನಿಂದ ದೀಪ ಹಾಕಿದರೆ ಮಾತ್ರ ಗೆರೆ ಗೆರೆಯಾಗಿ ಹೊಳೆಯುತ್ತೆ. ಅದಕ್ಕೇ ದಪ್ಪ ಹನಿ ಬೀಳುವ ಹಾಗೆ ಪೈಪಿನಿಂದ ಸುರಿಸಿ, ಹಿಂದೆ ಲೈಟ್ ಇಟ್ಟು ತೆಗೆಯುತ್ತೇವೆ. ನೀವು ಮೊಬೈಲಿನಲ್ಲಿ ಮಳೆ ತೆಗೆದರೆ ಬರೀ ಬೂದು ಬಣ್ಣ ಬರುವುದು ಇದಕ್ಕೇ. ಸೂರ್ಯ ಅಥವಾ ಅಂಗಡಿಯ ಬಲ್ಬು ಮಳೆಯ ಹಿಂದೆ ಬರುವ ಹಾಗೆ ನಿಂತು, ಕಪ್ಪು ಹಿನ್ನೆಲೆ ಹುಡುಕಿ ತೆಗೆಯಿರಿ. ಮಗ ಖುಷಿಯಾಗುತ್ತಾನೆ.

ಇನ್ನು ‘ಬೆಟ್ಟ ಸಿನಿಮಾದಲ್ಲಿ ದೊಡ್ಡದಾಗಿತ್ತು, ಇಲ್ಲಿ ಸಣ್ಣದು’ ಅನ್ನುವ ಗೋಳು. ಇದು ಲೆನ್ಸಿನ ಆಟ. ನಾವು ದೂರ ನಿಂತು ಟೆಲಿ ಲೆನ್ಸ್ ಹಾಕುತ್ತೇವೆ. ಒಂದರ ಹಿಂದೆ ಒಂದು ಇರುವ ಬೆಟ್ಟದ ಸಾಲು ಆಗ ಒತ್ತಿ ಜೋಡಿಸಿದ ಹಾಗೆ ಹತ್ತಿರ ಬರುತ್ತೆ. ಮೊಬೈಲಿನ ಮಾಮೂಲಿ ಲೆನ್ಸ್ ಅದರ ಉಲ್ಟಾ, ಎದುರಿನ ಮನುಷ್ಯ ದೊಡ್ಡವನು, ಬೆಟ್ಟ ಇರುವೆ.

ಮಾಂದಲ್‌ಪಟ್ಟಿಯಲ್ಲೇ ಹೀಗೆ ಮಾಡಿ ನೋಡಿ. ಮಗನನ್ನು ನಿಲ್ಲಿಸಿ 2 ಮೀಟರ್ ದೂರದಿಂದ ಮಾಮೂಲಿ ಫೋಟೋ ತೆಗೆಯಿರಿ. ಆಮೇಲೆ ಅವನು ಅಲ್ಲೇ ಇರಲಿ, ನೀವು 6 ಮೀಟರಿಗೆ ಹಿಂದೆ ಸರಿದು 3 ಪಟ್ಟು ಜೂಮ್ ಹಾಕಿ ತೆಗೆಯಿರಿ. ಎರಡೂ ಫೋಟೋದಲ್ಲಿ ಮಗ ಅಷ್ಟೇ ಎತ್ತರ, ಎರಡನೆಯದರಲ್ಲಿ ಹಿಂದಿನ ಬೆಟ್ಟ ಮೂರು ಪಟ್ಟು ದೊಡ್ಡದು. ಹಿಂದೆ ಸರಿಯುವುದು ನೀವು, ಅವನಲ್ಲ, ಇದು ನೆನಪಿರಲಿ. ಅಂಚಿನ ಕಡೆಗೆ ಯಾರನ್ನೂ ತಳ್ಳಬೇಡಿ. ಸರಿಯುವ ಮುಂಚೆ ನಿಮ್ಮ ಬೆನ್ನ ಹಿಂದೆ ಏನಿದೆ ಅಂತಲೂ ನೋಡಿ.

ಶಂಕರ_ರಾಮನಗರ

ಅಂತೂ ನಮ್ಮ ಊರಿನ ಹೆಸರು ಬಂತು! ಅನಿತಾ ಮೇಡಂ, ನಿಮ್ಮ ಯಜಮಾನರಿಗೆ ಹೇಳಿ, ರಾಮದೇವರ ಬೆಟ್ಟ ಬೆಂಗಳೂರಿನಿಂದ ಸುಮಾರು 50 ಕಿಲೋಮೀಟರ್, ಅರ್ಧ ದಿನ ಸಾಕು. ನಮ್ಮ ತಾತ ಶೂಟಿಂಗ್ ನೋಡಿದವರು. 1973ರಲ್ಲಿ ಶುರುವಾಗಿ ಬಹಳ ಕಾಲ ನಡೆಯಿತು. ಅಮಿತಾಭ್, ಧರ್ಮೇಂದ್ರ ಎಲ್ಲ ಇಲ್ಲೇ ಓಡಾಡಿಕೊಂಡಿದ್ದರು ಅಂತ ಹೇಳುತ್ತಿದ್ದರು. ಬೆಟ್ಟದ ಹತ್ತಿರ ಆ ರಾಮಗಢ ಊರು, ಠಾಕೂರ್ ಮನೆ, ನೀರಿನ ಟ್ಯಾಂಕು, ಡಕಾಯಿತರು ರೈಲು ತಡೆಯುವ ಜಾಗ ಎಲ್ಲ ನೋಡಬಹುದು.

ಫೋಕಸ್_ಪುಲ್ಲರ್

ಶಂಕರ್, ತಾತ ಶೂಟಿಂಗ್ ನೋಡಿದ್ದಾರೆ ಅಂದರೆ ನಿಮ್ಮ ಅದೃಷ್ಟ. ಆದರೆ ಮೇಡಂ ಊರು ಹುಡುಕಿಕೊಂಡು ಬಂದರೆ ನಿರಾಸೆ ಆಗುತ್ತೆ. ರಾಮಗಢ ಅನ್ನುವುದು ಕಲಾ ನಿರ್ದೇಶಕ ರಾಮ್ ಯೆಡೇಕರ್ ಕಟ್ಟಿಸಿದ ಸೆಟ್. ಕೆಲಸ ಮುಗಿದ ಮೇಲೆ ಕಿತ್ತರು. ರೈಲಿನ ದೃಶ್ಯ ರಾಮನಗರದ್ದೇ ಅಲ್ಲ, ಅದನ್ನು ಮುಂಬೈ ಕಡೆ ಪನ್ವೇಲ್ ಹತ್ತಿರ ತೆಗೆದದ್ದು.

ಶಂಕರ_ರಾಮನಗರ

ಸೆಟ್ ಇಲ್ಲ ಅನ್ನುವುದು ಸರಿ ಸರ್, ನಾನು ಜಾಗ ಅಂದೆ. ರೈಲಿನದು ನನಗೆ ಹೊಸದು. ನಮ್ಮೂರಲ್ಲಿ ರೈಲು ಓಡುತ್ತಲ್ಲ, ಇಲ್ಲೇ ಅಂತ ಎಲ್ಲರೂ ಹೇಳುತ್ತಾರೆ. ತಾತ ಇದ್ದಿದ್ದರೆ ನಿಮ್ಮ ಜೊತೆ ಜಗಳ ಆಡುತ್ತಿದ್ದರು.

ಅನಿತಾ_ಹಾಸನ

ಹಾಗಾದರೆ ನಮ್ಮ ಮನೆಯವರು ಪುಣೆಯಿಂದ ಮುಂಬೈಗೆ ಹೋಗುವಾಗೆಲ್ಲ ಅದೇ ಕಡೆ ಓಡಾಡುತ್ತಿದ್ದಾರೆ ಅಂತಾಯಿತು! ಇದನ್ನು ಅವರಿಗೆ ಹೇಳಿದರೆ ರಾಮನಗರ ಬೇಡ ಅಂದಾರು. ಊರೂ ಇಲ್ಲ, ರೈಲೂ ಇಲ್ಲ ಅಂದರೆ ಅಲ್ಲಿ ನೋಡುವುದೇನು?

ಫೋಕಸ್_ಪುಲ್ಲರ್

ಬಂಡೆ ಇದೆಯಲ್ಲ! ಮನೆ ಹೋಗುತ್ತೆ, ಮರ ಬೆಳೆಯುತ್ತೆ, ರಸ್ತೆ ಬದಲಾಗುತ್ತೆ. ಆ ಬಂಡೆಗಳ ಅಂಚು ಮಾತ್ರ ಇವತ್ತಿಗೂ ಅದೇ. ಜಾಗ ಪತ್ತೆ ಹಚ್ಚುವವರು ಮಾಡುವ ಕೆಲಸ ಮಗನಿಗೆ ಕಲಿಸಿ, ಅರ್ಧ ದಿನ ಸಾಲಲ್ಲ ಅಂತಾನೆ.

ಹೊರಡುವ ಮುಂಚೆ ಮನೆಯಲ್ಲಿ ಸಿನಿಮಾ ಹಾಕಿ, ಊರಿನ ಹೊರಾಂಗಣ ದೃಶ್ಯ ಬಂದಾಗ ನಿಲ್ಲಿಸಿ. ಮನುಷ್ಯರನ್ನು ಬಿಡಿ, ಹಿಂದೆ ಆಕಾಶಕ್ಕೆ ತಾಗಿದ ಬಂಡೆಯ ಗೆರೆ ನೋಡಿ. ಎರಡು ಬಂಡೆಯ ನಡುವೆ ಕಣಿವೆಯಂತೆ ಸಂದು ಇದೆಯಾ, ಒಂದು ತುದಿ ಚೂಪಾಗಿದೆಯಾ, ಇನ್ನೊಂದು ಗುಂಡಾಗಿದೆಯಾ ಅಂತ. ಆ ಗೆರೆಯನ್ನು ಮಗ ಪೆನ್ಸಿಲ್ಲಿನಲ್ಲಿ ಹಾಳೆಯ ಮೇಲೆ ಬರೆದುಕೊಳ್ಳಲಿ. ಅಂಥ ಎರಡು ಮೂರು ದೃಶ್ಯ ಸಾಕು. ಅಲ್ಲಿ ಹೋಗಿ ಹಾಳೆ ಎತ್ತಿ ಹಿಡಿದು ನೋಡುತ್ತಾ ನಡೆಯಿರಿ. ಗೆರೆಯಲ್ಲಿ ಮುಂದಿನ ಬಂಡೆ ಹಿಂದಿನದನ್ನು ಎಷ್ಟು ಮುಚ್ಚಿದೆ ಅನ್ನುವುದೇ ಗುಟ್ಟು. ನೀವು ಎಡಕ್ಕೆ ಸರಿದರೆ ಮುಂದಿನದು ಬಲಕ್ಕೆ ಸರಿದು ಹಿಂದಿನದು ತೆರೆದುಕೊಳ್ಳುತ್ತೆ. ಎರಡು ಜೋಡಿ ಬಂಡೆಗಳು ಒಟ್ಟಿಗೆ ಹೊಂದಿದರೆ ಕ್ಯಾಮೆರಾ ಇದ್ದ ಜಾಗ ಅಲ್ಲೇ ಎಲ್ಲೋ ಇದೆ. ಒಂದೇ ಬಂಡೆ ಹೊಂದಿದರೆ ನಂಬಬೇಡಿ, ರಾಮನಗರದಲ್ಲಿ ಗುಂಡಗಿನ ಬಂಡೆಗೆ ಬರವೇ?

ಗಾತ್ರ ನೋಡಿ ಮೋಸ ಹೋಗಬೇಡಿ, ಮೇಲೆ ಹೇಳಿದ ಲೆನ್ಸಿನ ಕಥೆ ಇಲ್ಲೂ ಇದೆ. ನೆರಳು ನೋಡಿದರೆ ದಿಕ್ಕಿನ ಸುಳಿವು ಸಿಗುತ್ತೆ. ಆದರೆ ಒಂದೇ ದೃಶ್ಯದ ಒಂದು ಶಾಟ್ ಬೆಳಗ್ಗೆ, ಇನ್ನೊಂದು ಸಂಜೆ ತೆಗೆದಿರುತ್ತೇವೆ. ಆದ್ದರಿಂದ ನೆರಳಿನ ಮೇಲೆ ಪೂರ್ತಿ ಭಾರ ಹಾಕಬೇಡಿ.

ಶಂಕರ_ರಾಮನಗರ

ಸರ್, ಇದು ಚೆನ್ನಾಗಿದೆ, ನಾನೇ ಈ ಭಾನುವಾರ ಹೋಗುತ್ತೇನೆ. ಒಂದು ಮಾತು. 2012ರಿಂದ ರಾಮದೇವರ ಬೆಟ್ಟ ರಣಹದ್ದುಗಳ ಧಾಮ. ಬಂಡೆಯ ಕೊರಕಲಿನಲ್ಲಿ ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟುತ್ತೆ. ಮೆಟ್ಟಿಲು ಹತ್ತಿ ದೇವಸ್ಥಾನದ ತನಕ ಹೋಗಬಹುದು, ಕಂಡ ಕಂಡ ಬಂಡೆ ಹತ್ತಲು ಬಿಡಲ್ಲ. ಗಬ್ಬರ್ ಡೈಲಾಗ್ ಕೂಗುವವರ ಕಾಟ ನಮಗೆ ಸಾಕಾಗಿದೆ, ದಯವಿಟ್ಟು ಮೆಲ್ಲಗೆ.

ಬಾನಾಡಿ_ಡಲ್ಲಾಸ್

ನನ್ನದೂ ಒಂದು ಸೇರಿಸಿಕೊಳ್ಳಿ. ನಮ್ಮ ತಂದೆ ಕೆಜಿಎಫ್ ಗಣಿಯಲ್ಲಿ ಕೆಲಸ ಮಾಡಿದವರು. ‘ಕೆಜಿಎಫ್’ ಬಂದ ಮೇಲೆ ಇಲ್ಲಿನ ಅಮೆರಿಕದ ಸ್ನೇಹಿತರೂ ‘ನಿಮ್ಮೂರಲ್ಲಿ ಹಾಗೆ ಗುಲಾಮರನ್ನು ಇಟ್ಟಿದ್ದರಾ’ ಅಂತ ಕೇಳುತ್ತಾರೆ. ನಿಜವಾದ ಕೆಜಿಎಫ್‌ಗೆ 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂದಿತ್ತು. ನಮ್ಮ ಬೀದಿ, ಕ್ಲಬ್ಬು, ಗಣಿ ಕಾಲೋನಿ ಯಾವುದೂ ಸಿನಿಮಾದಲ್ಲಿ ಇಲ್ಲ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಉಳಿದ ಸೈನೈಡ್ ದಿಬ್ಬ ಮಾತ್ರ ಇದೆ. ಜನ ಅದನ್ನು ನೋಡಲು ಬಂದು ಸೆಲ್ಫಿ ತೆಗೆದು ಹೋಗುತ್ತಾರೆ. ಗಾಳಿ ಎದ್ದರೆ ಆ ದಿಬ್ಬದ ಧೂಳು ಮನೆಯ ಒಳಗೆ ಬರುತ್ತಿತ್ತು, ಅಮ್ಮ ಅಕ್ಕಿ ಡಬ್ಬಕ್ಕೂ ಬಟ್ಟೆ ಕಟ್ಟಿ ಇಡುತ್ತಿದ್ದರು. ನೀವು ಅಲ್ಲಿಗೂ ಹೋಗುವುದಾದರೆ ದಿಬ್ಬ ಬಿಟ್ಟು ಊರೊಳಗೆ ನಡೆಯಿರಿ.

ಸಾಗರದ್_ಹುಡ್ಗ

ಅಣ್ಣ, ಅದು ಕಥೆ ತಾನೇ? ಸಿನಿಮಾ ಅಂದ ಮೇಲೆ ಹಾಗೇ ಇರಬೇಕು ಅಂತಿಲ್ಲವಲ್ಲ.

ಬಾನಾಡಿ_ಡಲ್ಲಾಸ್

ನಿಮ್ಮ ಜೋಗವನ್ನು ಬೇರೆ ಊರಿನದು ಅಂತ ತೋರಿಸಿದರೆ ಆಗ ಹೇಳಿ ತಮ್ಮಾ.

ಪದ್ಮಕ್ಕ_ತಾಳಗುಪ್ಪ

ಆಗಲೇ ತೋರಿಸಿದ್ದಾರಲ್ಲಪ್ಪ, ಮಡಿಕೇರಿ ಪಕ್ಕದಲ್ಲಿದೆ ಅನ್ನುವ ಹಾಗೆ. ನಾವೇನು ಜಗಳಕ್ಕೆ ಹೋದೆವಾ? ಆದರೆ ನಿನ್ನ ಬೇಜಾರು ಬೇರೆ, ಅದು ಅರ್ಥ ಆಗುತ್ತೆ.

ಅನಿತಾ, ಯಾವ ಕಡೆ ಮೊದಲು ಅಂತ ಕೇಳಿದ್ದೆಯಲ್ಲ. ಬೆಳಗ್ಗೆ ನಮ್ಮ ಶಿವಮೊಗ್ಗ ಕಡೆ, ಊಟ ಆದ ಮೇಲೆ ಬಂಗಲೆ ಕಡೆ ಅಂತ ನಾನು ಹೇಳುತ್ತೇನೆ. ಸಿದ್ದಾಪುರದವರನ್ನು ಕೇಳಿದರೆ ಉಲ್ಟಾ ಹೇಳುತ್ತಾರೆ.

ಅನಿತಾ_ಹಾಸನ

ಎಲ್ಲರ ಮಾತೂ ಓದಿ ಮನೆಯಲ್ಲಿ ಚರ್ಚೆ ಆಯಿತು. ಆಗಸ್ಟಿನಲ್ಲಿ ಮಾಂದಲ್‌ಪಟ್ಟಿ ಬಿಟ್ಟುಬಿಡುತ್ತೇವೆ. ಜೋಗ ಮಾತ್ರ, ಅದೂ ಪೇಪರಿನಲ್ಲಿ ಮಟ್ಟ ನೋಡಿಕೊಂಡು. ಮಡಿಕೇರಿ ದಸರಾ ಸಮಯಕ್ಕೆ ಇಟ್ಟುಕೊಳ್ಳೋಣ ಅಂತ. ರಾಮನಗರಕ್ಕೆ ಬೆಂಗಳೂರಿನಿಂದ ಒಂದು ದಿನ. ಮಗ ಆಗಲೇ ಸಿನಿಮಾ ನಿಲ್ಲಿಸಿ ನಿಲ್ಲಿಸಿ ಬಂಡೆ ಬರೆಯುತ್ತಿದ್ದಾನೆ, ನಮ್ಮ ಮನೆಯವರಿಗೆ ಒಂದು ಫೈಟೂ ನೆಟ್ಟಗೆ ನೋಡಲು ಬಿಡುತ್ತಿಲ್ಲ.

ಮಡಿಕೇರಿ_ಮನೆ

ದಸರಾ ಸಮಯ ಬೇಡ ಮೇಡಂ! ಮಡಿಕೇರಿ ದಸರಾಗೆ ರಾತ್ರಿಯಿಡೀ ದಶಮಂಟಪಗಳ ಮೆರವಣಿಗೆ, ಊರೊಳಗೆ ಕಾಲಿಡಲು ಜಾಗ ಇರಲ್ಲ, ರೂಮು ಸಿಗಲ್ಲ. ಮೆರವಣಿಗೆ ನೋಡಬೇಕು ಅಂತಿದ್ದರೆ ಬನ್ನಿ, ಚೆಂದ ಇರುತ್ತೆ. ಬೆಟ್ಟಕ್ಕೆ ಅಂತಾದರೆ ಅದು ಮುಗಿದು ಒಂದು ವಾರ ಆದ ಮೇಲೆ, ಅದೂ ಶನಿವಾರ ಭಾನುವಾರ ಬಿಟ್ಟು.

ಅನಿತಾ_ಹಾಸನ

ಪುಣೆಯಲ್ಲಿ ಮಗನ ಸ್ಕೂಲಿಗೆ ದೀಪಾವಳಿ ರಜೆ ಉದ್ದ ಇರುತ್ತೆ. ಆಗ ಹುಲ್ಲು ಹಸಿರು ಇರುತ್ತಾ?

ಮಡಿಕೇರಿ_ಮನೆ

ಇರುತ್ತೆ. ಆ ಹೊತ್ತಿಗೆ ಇಂಬಳದ ಕಾಟವೂ ಕಡಿಮೆ. ದೀಪಾವಳಿ ಮುಗಿದ ವಾರದ ನಡುವೆ ಬನ್ನಿ, ಬೆಳಗ್ಗೆ ಐದಕ್ಕೆ ಜೀಪ್ ಹೇಳಿ ಇಡಿ. ಅಮ್ಮನಿಗೆ ಒಂದು ದಪ್ಪ ಶಾಲು ತನ್ನಿ.

ವಿನಯ್_ಗೌಡ_ಕ್ಲಿಕ್ಸ್

ಅನುಮತಿ ಯಾವ ಆಫೀಸಿನಲ್ಲಿ ಅಂತ ಇನ್ನೂ ಯಾರೂ ಹೇಳಲಿಲ್ಲ. ಮಡಿಕೇರಿಯಲ್ಲೇ ಕೇಳಬೇಕಾ?

ಮಡಿಕೇರಿ_ಮನೆ

ಹೌದು ಗುರು, ಮಡಿಕೇರಿಯ ಅರಣ್ಯ ಇಲಾಖೆ ಆಫೀಸಿನಲ್ಲಿ ವಿಚಾರಿಸಿ. ಜೋಡಿಗೆ ಬಿಳಿ ಬಟ್ಟೆ ಬೇಡ ಅಂತ ಹೇಳಿ, ಮೇಲೆ ಕೆಂಪು ಕೆಸರು.